ಷರಾ ಮಾವ

ಸೈಟು ಕೊಳ್ಳುವವರು ನಮ್ಮ ಬಳಗದಲ್ಲಿ ಕಾಗದಪತ್ರವನ್ನು ಮೊದಲು ದೇವರ ಮುಂದಿಟ್ಟು, ಆಮೇಲೆ ಷರಾ ಮಾವನ ಮುಂದಿಡುತ್ತಾರೆ. ದೇವರು ಇದುವರೆಗೆ ತಕರಾರು ತೆಗೆದದ್ದಿಲ್ಲ. ಮಾವ ತೆಗೆಯದೆ ಬಿಟ್ಟದ್ದಿಲ್ಲ. ನೋಂದಣಿ ಕಚೇರಿಯ ಎದುರು ಮೂವತ್ತು ವರ್ಷ ಪತ್ರ ಬರೆದವರು. ಮದುವೆ ಕರೆಯೋಲೆ ಕೊಟ್ಟರೂ ಮೊದಲು ಹಿಂದೆ ತಿರುಗಿಸಿ ಷರಾ ಏನಾದರೂ ಇದೆಯೇ ಎಂದು ನೋಡುತ್ತಾರೆ.

ರಾಮನಗರದ ಹತ್ತಿರ ಒಂದು ನಿವೇಶನ ಗೊತ್ತಾಗಿ, ದಲ್ಲಾಳಿ ಕಳಿಸಿದ ಪಿಡಿಎಫ್ ಹಿಡಿದುಕೊಂಡು ಅವರ ಸೋದರಳಿಯ ಬಂದ. 2005ರ ವಿಭಾಗ ಪತ್ರ, ಎಂಟು ಪುಟ. ಇ.ಸಿ. ಶುದ್ಧವಾಗಿತ್ತು. ಅಡ್ವಾನ್ಸು ಕೊಡುವುದೊಂದೇ ಬಾಕಿ.

"ಮಾವ, ಸುಮ್ಮನೆ ಒಂದು ಸಲ ಕಣ್ಣಾಡಿಸಿ."

ಸುಮ್ಮನೆ ಕಣ್ಣಾಡಿಸುವುದು ಮಾವನಿಗೆ ಬರುವುದಿಲ್ಲ. ಅವರು ಒಳಗಿನ ಒಕ್ಕಣೆಯನ್ನು ಕಡೆಗೆ ಓದುತ್ತಾರೆ. ಮೊದಲು ಪುಟದ ತಲೆಯ ಮೇಲೆ ಕಚೇರಿಯವರು ಹಾಕಿದ ಬರಹ: ಒಂದನೇ ಪುಸ್ತಕದ ಇಂಥ ನಂಬರಿನ ದಸ್ತಾವೇಜಿನ ಇಷ್ಟನೇ ಪುಟ. ಅದನ್ನು ಒಂದರಿಂದ ಎಂಟರವರೆಗೆ ಬೆರಳಿಟ್ಟು ಎಣಿಸಿದರು. ಸರಿಯಿತ್ತು. ಅಳಿಯ ಉಸಿರು ಬಿಟ್ಟ. ಮಾವ ಬಿಡಲಿಲ್ಲ.

"ನಾಲ್ಕನೇ ಪುಟದ ಕಡೇ ಸಾಲು ಓದು."

"'ಸದರಿ ಸ್ವತ್ತನ್ನು ನಮ್ಮ ತಾಯಿಯವರು ತಮ್ಮ…'"

"ಐದರ ಮೊದಲ ಸಾಲು?"

"'ಮೇಲ್ಕಂಡ ಸ್ವತ್ತನ್ನು ಎರಡನೇ ಪಾರ್ಟಿಯವರು ಮಾರಾಟ, ದಾನ ಮಾಡಲು ಪೂರ್ಣ ಹಕ್ಕುಳ್ಳವರು…'"

"ತಾಯಿಯವರು ತಮ್ಮ ಏನು ಮಾಡಿದರೋ? ಪುಟ ತಿರುಗಿಸುವಷ್ಟರಲ್ಲಿ ಎಲ್ಲಿ ಹೋದರು?"

ಪುಟ ಸಂಖ್ಯೆ ತಿದ್ದುವವನಿಗೆ ಈ ವಾಕ್ಯದ ಕೊಂಡಿ ನೆನಪಿರುವುದಿಲ್ಲ. ಮಾವನ ಬದುಕೆಲ್ಲ ನಡೆದದ್ದು ಆ ಕೊಂಡಿಯ ಮೇಲೇ.

ಇಷ್ಟಾದ ಮೇಲೆ ಕನ್ನಡಕ ಹಣೆಗೇರಿತು, ಭೂತಗನ್ನಡಿ ಕೆಳಗಿಳಿಯಿತು. ಅಳಿಯ ಎಲ್ಲ ಪುಟಗಳನ್ನೂ ಹಿಗ್ಗಿಸಿ ತೋರಿಸಬೇಕಾಯಿತು. ಕೈಯಲ್ಲಿ ಒತ್ತಿದ ಮೊಹರು ಪ್ರತಿ ಹಾಳೆಯಲ್ಲೂ ಬೇರೆ ಬೇರೆಯಾಗಿ ಬೀಳುತ್ತದೆ. ಒಂದು ಕಡೆ ವಾಲುತ್ತದೆ, ಇನ್ನೊಂದು ಕಡೆ ಮಸಿ ಆರಿ ಅರ್ಧ ಅಕ್ಷರ ನುಂಗುತ್ತದೆ. ಮೊದಲ ನಾಲ್ಕು ಪುಟಗಳಲ್ಲಿ ಹಾಗೇ ಇತ್ತು. ಐದನೆಯದರಲ್ಲಿ ಮಾತ್ರ ನಾಲ್ಕನೆಯದರದ್ದೇ ವಾಲು, ಅದೇ ಅಂಚಿನಲ್ಲಿ ಅದೇ ಮಸಿಚುಕ್ಕೆ. ನಾಲ್ಕನೇ ಪುಟದಲ್ಲಿ ಸಹಿಯ ಬಾಲ ಮೊಹರಿನೊಳಕ್ಕೆ ನುಗ್ಗಿತ್ತು. ಐದರಲ್ಲಿ ಸಹಿಯೇ ದೂರದಲ್ಲಿದ್ದರೂ ಮೊಹರಿನೊಳಗೆ ಆ ಬಾಲದ ತುಂಡು ಉಳಿದುಕೊಂಡಿತ್ತು.

"ಗುಮಾಸ್ತ ಹದಿನಾರಾಣೆ ಒಂದೇ ಥರ ಎರಡು ಸಲ ಮೊಹರು ಒತ್ತಿದ್ದರೆ ಅವನಿಗೆ ಬಡ್ತಿ ಸಿಗಬೇಕಿತ್ತು" ಎಂದರು ಮಾವ.

ಆಮೇಲೆ ಸಾಲುಗಳ ಸರದಿ. ಮಿಕ್ಕ ಪುಟಗಳೆಲ್ಲ ಸ್ಕ್ಯಾನಿನಲ್ಲಿ ತುಸು ಎಡಕ್ಕೆ ಓರೆಯಾಗಿದ್ದವು, ಹಾಳೆಯೂ ಮಾಸಲು. ಐದನೇ ಪುಟದಲ್ಲಿ ತಲೆಬರಹ ಓರೆ, ಅದರ ಕೆಳಗಿನ ಸಾಲುಗಳು ಮಾತ್ರ ನೆಟ್ಟಗೆ. ಅಕ್ಷರಗಳ ಹಿಂದೆ ಸುಣ್ಣ ಬಳಿದ ಹಾಗೆ ಬಿಳುಪು.

ಬರಿಯ ಬಿಳುಪನ್ನೇ ನಂಬಿದರೆ ಮಾವನೂ ಎಡವುತ್ತಾರೆ. ಫೋನಿನ ಸ್ಕ್ಯಾನ್ ಆ್ಯಪುಗಳು ತಾವಾಗಿಯೇ ಹಾಳೆ ಬಿಳಿ ಮಾಡಿ, ಓರೆ ತಿದ್ದಿಬಿಡುತ್ತವೆ. ಹಾಗೆ ತೊಳೆದುಕೊಂಡು ಬಂದ ನಿಯತ್ತಿನ ಮೇಷ್ಟ್ರೊಬ್ಬರ ಪತ್ರವನ್ನು ಮಾವ ತಿಂಗಳುಗಟ್ಟಲೆ ಅನುಮಾನಿಸಿ, ಅವರ ಕೈಲಿ ಮೂಲ ಪತ್ರ ಹೊತ್ತು ತರಿಸಿದ್ದುಂಟು. ಮೇಷ್ಟ್ರು ಈಗಲೂ ಮಾವನನ್ನು ಕಂಡರೆ ರಸ್ತೆ ದಾಟುತ್ತಾರೆ. ಸ್ಕ್ಯಾನು ಅನುಮಾನ ಹುಟ್ಟಿಸಬಲ್ಲದು, ತೀರ್ಪು ಕೊಡಲಾರದು. ಮಾವ ಇದನ್ನು ಒಪ್ಪುತ್ತಾರೆ, ಆದರೆ ಮೇಷ್ಟ್ರ ಎದುರಿಗಲ್ಲ.

ಆದ್ದರಿಂದ ಅಳಿಯನನ್ನು ನೋಂದಣಿ ಕಚೇರಿಗೆ ಅಟ್ಟಿದರು. ಒಂದನೇ ಪುಸ್ತಕದಲ್ಲಿ ನೋಂದಾದ ಪತ್ರದ ದೃಢೀಕೃತ ನಕಲನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ಪಡೆಯಬಹುದು, ಮಾರುವವನ ಅಪ್ಪಣೆ ಬೇಕಿಲ್ಲ. ನಕಲು ಬಂತು. ತಾಯಿಯವರೂ ಸಿಕ್ಕರು: "ತಮ್ಮ ಜೀವಿತಾವಧಿಯವರೆಗೆ ಅನುಭವಿಸತಕ್ಕದ್ದು, ಅಲ್ಲಿಯವರೆಗೆ ಎರಡನೇ ಪಾರ್ಟಿಯವರು ಪರಭಾರೆ ಮಾಡಕೂಡದು." ಆಕೆ ಬದುಕಿದ್ದಾರೆ, ಗಟ್ಟಿಮುಟ್ಟಾಗಿದ್ದಾರೆ. ಇ.ಸಿ.ಯಲ್ಲಿ ಇದು ಕಾಣಲಿಲ್ಲವೇಕೆಂದರೆ, ಅದರಲ್ಲಿ ಬರುವುದು ಪಾರ್ಟಿಗಳು, ಸ್ವತ್ತಿನ ವಿವರ, ನಂಬರು, ತಾರೀಕು ಇಂಥವು. ಪತ್ರದೊಳಗಿನ ಷರತ್ತನ್ನೆಲ್ಲ ಅದು ಹೇಳುವುದಿಲ್ಲ.

ದಲ್ಲಾಳಿಗೆ ಫೋನು ಹೋಯಿತು.

"ಸಾರ್, ಸ್ಕ್ಯಾನಿಂಗ್ ಮಿಸ್ಟೇಕು. ಕ್ಲಿಯರ್ ಕಾಪಿ ಈಗಲೇ ಕಳಿಸ್ತೀನಿ."

ಸಂಜೆಗೆ ಬಂತು. ನಾಲ್ಕನೇ ಪುಟದ ಕಡೇ ಸಾಲನ್ನೇ ತೆಗೆದುಹಾಕಿದ್ದ. ಎಂಟೂ ಪುಟ ಹಾಲಿನಂತೆ ಬಿಳುಪು, ಎಂಟರಲ್ಲೂ ಒಂದೇ ಮೊಹರು, ಎಂಟು ಕಡೆಯೂ ಅದೇ ಮಸಿಚುಕ್ಕೆ. ಹೆಚ್ಚು ಅಚ್ಚುಕಟ್ಟಾಗಿರಲೆಂದು ಮೊಹರನ್ನೂ ಹೊಸದಾಗಿ ಮಾಡಿಸಿ "ರಾಮನಗರ ಜಿಲ್ಲೆ" ಎಂದು ಸೇರಿಸಿದ್ದ. 2005ರಲ್ಲಿ ರಾಮನಗರ ಇನ್ನೂ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ತಾಲ್ಲೂಕು, ಜಿಲ್ಲೆಯಾದದ್ದು 2007ರಲ್ಲಿ. ಮಾವ ಅದನ್ನು ಪ್ರಿಂಟು ತೆಗೆಸಿ, ಬಂದವರಿಗೆಲ್ಲ ಕಾಫಿಯ ಜೊತೆ ತೋರಿಸಿದರು.

ತಿಂಗಳು ಕಳೆದ ಮೇಲೆ ಅದೇ ದಲ್ಲಾಳಿ ಮಾವನ ಮನೆ ಬಾಗಿಲಲ್ಲಿ ನಿಂತಿದ್ದ, ಕಂಕುಳಲ್ಲಿ ಒಂದು ಫೈಲು.

"ಸಾರ್, ನಾನೇ ಒಂದು ಸೈಟು ತಗೋತಾ ಇದೀನಿ. ಪೇಪರ್ಸು ಒಂಚೂರು ನೋಡಿಕೊಡಬೇಕು. ಈಗಿನ ಕಾಲದಲ್ಲಿ ಯಾರನ್ನ ನಂಬೋದು ಹೇಳಿ?"