ಮಂಗಳಕ್ಕೇ ಕತ್ತರಿ

ಪೆರ್ಡೂರೆಂದರೆ ಕದಳೀಪ್ರಿಯ ಅನಂತಪದ್ಮನಾಭನ ಊರು, ಯಕ್ಷಗಾನ ಮೇಳದ ಊರು. ಅಲ್ಲಿ ನಮ್ಮ ಭಾಗವತರೊಬ್ಬರು ಅಜ್ಜನ ಕಾಲದ ಪ್ರಸಂಗ ಪುಸ್ತಕವನ್ನು ಅಗಲಿಸಿಟ್ಟು ಸ್ಕ್ಯಾನ್ ಮಾಡಿಸಿದರು. ಒಂದೊಂದು ಹಾಳೆಯಲ್ಲೂ ಎರಡೆರಡು ಪುಟ. ಮೊಬೈಲಿನಲ್ಲಿ ಓದುವಾಗ ಪದ್ಯ ಎಡದಲ್ಲಿ, ತಾಳ ಬಲದಲ್ಲಿ, ಕಣ್ಣು ಎಲ್ಲಿಯೂ ಇಲ್ಲ.

ಸೀಳುವುದು ಸುಲಭ:

```
mutool poster -x 2 a.pdf b.pdf
```

ಆದರೆ ಇದು ಹಾಳೆಯ ನಟ್ಟನಡುವೆಯೇ ಕೊಯ್ಯುತ್ತದೆ, ಪುಸ್ತಕದ ಹೊಲಿಗೆ ಎಲ್ಲಿದೆಯೆಂದು ನೋಡುವುದಿಲ್ಲ. ಪುಸ್ತಕ ತುಸು ವಾರೆಯಾಗಿದ್ದರೆ ಭೀಮನ ಗದೆ ಒಂದು ಪುಟದಲ್ಲಿ, ಭೀಮ ಇನ್ನೊಂದರಲ್ಲಿ. ಅಂಥದ್ದಕ್ಕೆ ಸ್ಕ್ಯಾನ್‌ಟೇಲರ್ ವಾಸಿ. ಅದು ಮಡಿಕೆಯನ್ನು ಹುಡುಕಿ ಗೆರೆ ಎಳೆಯುತ್ತದೆ, ತಪ್ಪಿದರೆ ಗೆರೆಯನ್ನು ನಾವೇ ಸರಿಸಬಹುದು.

ಖಾಲಿ ಪುಟದ್ದು ಬೇರೆ ರಗಳೆ. ಪುಟದಲ್ಲಿ ಎಷ್ಟು ಶಾಯಿ ಇದೆಯೆಂದು ಹೀಗೆ ಅಳೆಯಬಹುದು:

```
gs -q -o - -sDEVICE=inkcov b.pdf
```

ಪುಟಕ್ಕೊಂದು ಸಾಲು ಬರುತ್ತದೆ. ನಾಲ್ಕನೆಯ ಅಂಕಿ ಕಪ್ಪಿನದು. ಹಳದಿ ಹಾಳೆಯನ್ನು ಹಾಗೆಯೇ ಕೊಟ್ಟರೆ ಖಾಲಿ ಪುಟವೂ ಭರ್ತಿ ಎನಿಸುತ್ತದೆ. ಆದ್ದರಿಂದ ಮೊದಲು ಕಪ್ಪು-ಬಿಳುಪು ಮಾಡಿ, ಅಂಚಿನ ನೆರಳನ್ನೂ ಕತ್ತರಿಸಬೇಕು. ಇಷ್ಟಾದ ಮೇಲೆ "ಇದಕ್ಕಿಂತ ಕಡಿಮೆಯಿದ್ದರೆ ತೆಗೆ" ಎಂದು ಸ್ಕ್ರಿಪ್ಟ್ ಬರೆದರೆ ಯಂತ್ರ ತೆಗೆಯುತ್ತದೆ.

ಭಾಗವತರ ಪ್ರಸಂಗದಲ್ಲಿ ಕೊನೆಯ ಪುಟಕ್ಕೆ ಉಳಿದದ್ದು ಮಂಗಳದ ಒಂದೇ ಸಾಲು. ಯಂತ್ರದ ಲೆಕ್ಕದಲ್ಲಿ ಅದೂ ಖಾಲಿ! "ಮಂಗಳವಿಲ್ಲದೆ ಆಟ ಮುಗಿಸುವುದು ಹೇಗೆ ಮಾರಾಯ್ರೆ?" ಎಂದು ಅವರು ಕೂತುಬಿಟ್ಟರು.

ಹಾಗಾಗಿ ಕಡಿಮೆ ಅಂಕಿಯ ಪುಟಗಳನ್ನು ನೇರ ಅಳಿಸಬೇಡಿ. ಬೇರೆ ಫೈಲಿಗೆ ಹಾಕಿ, ಒಮ್ಮೆ ಕಣ್ಣಾಡಿಸಿ. ಮೂಲ ಸ್ಕ್ಯಾನನ್ನಂತೂ ಇಟ್ಟುಕೊಂಡೇ ಇರಿ.