ಡೆಕ್ಕಪ್ಪನ ಸ್ಲೈಡುಗಳು

ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಕಮಿಟಿಯಲ್ಲಿ ಒಂದೆರಡು ವರ್ಷ ಕೂತವರಿಗೆ ಇವನ ಪರಿಚಯ ಇದ್ದೇ ಇರುತ್ತದೆ. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಕ್ಲಬ್‌ಹೌಸಿಗೆ ಬರುತ್ತಾನೆ. ತಿಳಿನೀಲಿ ಷರ್ಟು, ಜೇಬಿನ ಮೇಲೆ ಸೂರ್ಯನ ಕಸೂತಿ, ಬ್ಯಾಗಿನಲ್ಲಿ ಲ್ಯಾಪ್‌ಟಾಪು, ಜೊತೆಗೆ ಮೂರು ಬಗೆಯ ಅಡಾಪ್ಟರು. ಮೂರರಲ್ಲಿ ಒಂದೂ ನಮ್ಮ ಟಿವಿಗೆ ಹೊಂದುವುದಿಲ್ಲ. ಸೋಲಾರ್ ಕಂಪನಿಯ ಸೇಲ್ಸ್ ಮನುಷ್ಯ. ಕಾರ್ಡಿನಲ್ಲಿ ಏನೇ ಹೆಸರಿರಲಿ, ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಅವನು ಡೆಕ್ಕಪ್ಪ; ಏಕೆಂದರೆ ಯಾವ ಪ್ರಶ್ನೆ ಕೇಳಿದರೂ ಅವನ ಉತ್ತರ ಒಂದೇ: “ಅದು ಡೆಕ್‌ನಲ್ಲಿ ಮುಂದೆ ಬರುತ್ತೆ ಸಾರ್.”

ಡೆಕ್ಕಪ್ಪರಲ್ಲಿ ಎಳೆಯರೂ ಇದ್ದಾರೆ, ಮಾಗಿದವರೂ ಇದ್ದಾರೆ. ಎಳೆಯ ಡೆಕ್ಕಪ್ಪನ ಮೊದಲ ಸ್ಲೈಡಿನಲ್ಲಿ ಕರಗುವ ಹಿಮದ ಮೇಲೆ ಒಂಟಿ ಹಿಮಕರಡಿ ನಿಂತಿರುತ್ತದೆ. ಎರಡನೆಯದರಲ್ಲಿ ಕಂಪನಿಯ ಸಂಸ್ಥಾಪಕರು ಕೈ ಕಟ್ಟಿಕೊಂಡು ನಿಂತಿರುತ್ತಾರೆ. ಮೂರರಿಂದ ಹತ್ತರವರೆಗೆ ಪ್ರಶಸ್ತಿಗಳು, ಭಾರತದ ಭೂಪಟ, ಅದರ ತುಂಬ ಚುಕ್ಕಿಗಳು. ಹನ್ನೊಂದನೆಯ ಸ್ಲೈಡಿಗೆ ಬರುವಷ್ಟರಲ್ಲಿ ನಮ್ಮ ಸೆಕ್ರೆಟರಿ ಟ್ಯಾಂಕರ್‌ನವನ ಜೊತೆ ಫೋನಿನಲ್ಲಿ ಜಗಳ ಶುರು ಮಾಡಿರುತ್ತಾರೆ, ಟ್ರೆಷರರ್ ತಿಂಡಿಗೆ ಎದ್ದಿರುತ್ತಾರೆ, ನಿವೃತ್ತ ಇಂಜಿನಿಯರ್ ರಾಯರು ಮಾತ್ರ ಕನ್ನಡಕ ಒರೆಸಿಕೊಳ್ಳುತ್ತಾ ಕಾದಿರುತ್ತಾರೆ. ಅವರು ಕಾಯುವುದು ಇಪ್ಪತ್ತೈದು ವರ್ಷದ ಉಳಿತಾಯದ ಗ್ರಾಫಿಗೆ.

ಆ ಗ್ರಾಫು ಎಡಗಡೆ ನೆಲ ಹಿಡಿದು ಮಲಗಿದ್ದು ಬಲಗಡೆ ಟಿವಿಯ ಅಂಚು ದಾಟುವಂತೆ ಏಳುತ್ತದೆ. ತುದಿಯಲ್ಲಿ ದಪ್ಪಕ್ಷರದಲ್ಲಿ ‘1.5 ಕೋಟಿ’. ಹಾಲ್‌ನಲ್ಲಿ ಒಂದು ಕ್ಷಣ ಉಸಿರಾಟ ನಿಲ್ಲುತ್ತದೆ. ರಾಯರು ಮೆತ್ತಗೆ ಕೇಳುತ್ತಾರೆ, “ಕರೆಂಟ್ ದರ ವರ್ಷಾ ವರ್ಷ ಎಷ್ಟು ಏರುತ್ತೆ ಅಂತ ಹಿಡಿದಿದ್ದೀಯಪ್ಪಾ?” ಕೆಳಗೆ ಸಣ್ಣಕ್ಷರದಲ್ಲಿ ಉತ್ತರ ಇರುತ್ತದೆ: ಆರು ಪರ್ಸೆಂಟ್. ರಾಯರು ಪೇಪರಿನ ಅಂಚಿನಲ್ಲೇ ಲೆಕ್ಕ ಹಾಕುತ್ತಾರೆ. ಈಗ ಯೂನಿಟ್ಟಿಗೆ ಆರೂವರೆ ರೂಪಾಯಿ ಎಂದರೆ 25ನೇ ವರ್ಷ 26 ರೂಪಾಯಿ ದಾಟಬೇಕು. ದರ ಏರದೆ ಇದ್ದಲ್ಲೇ ಇದ್ದರೆ ಅದೇ ಒಂದೂವರೆ ಕೋಟಿ 70 ಲಕ್ಷಕ್ಕೆ ಇಳಿಯುತ್ತದೆ, ಪ್ಯಾನೆಲ್ಲು ಸವೆಯುವುದನ್ನು ಹಿಡಿದರೆ ಇನ್ನೂ ಕಡಿಮೆ. 70 ಲಕ್ಷವೇನೂ ಕೆಟ್ಟ ಮೊತ್ತವಲ್ಲ. ಆದರೆ ಒಂದೂವರೆ ಕೋಟಿ ಕೇಳಿದ ಕಿವಿಗೆ ಅದು ನಷ್ಟದ ಹಾಗೆ ಕೇಳಿಸುತ್ತದೆ. ಆಮೇಲೆ ಎಳೆಯ ಡೆಕ್ಕಪ್ಪ ಏನು ಹೇಳಿದರೂ ನಂಬುವವರಿಲ್ಲ. “ಪಿಡಿಎಫ್ ಕಳಿಸಿ, ನೋಡಿ ಹೇಳ್ತೀವಿ” ಎನ್ನುತ್ತಾರೆ ಅಧ್ಯಕ್ಷರು. ಇಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು.

ಮಾಗಿದ ಡೆಕ್ಕಪ್ಪನ ಗತ್ತೇ ಬೇರೆ. ಅವನು ಮೀಟಿಂಗಿಗೆ ಮುಂಚೆಯೇ ಬಂದಿರುತ್ತಾನೆ, ಅದೂ ಕಮಿಟಿಯವರನ್ನು ನೋಡಲು ಅಲ್ಲ. ಎಲೆಕ್ಟ್ರಿಷಿಯನ್‌ನನ್ನು ಹಿಡಿದು ಮೀಟರ್ ರೂಮಿಗೆ ಹೋಗುತ್ತಾನೆ, ಸೆಕ್ಯುರಿಟಿಯವನ ಹತ್ತಿರ ಕೀ ಇಸಕೊಂಡು ಟೆರೇಸ್ ಹತ್ತುತ್ತಾನೆ, ಸೊಸೈಟಿ ಆಫೀಸಿನಲ್ಲಿ ಹನ್ನೆರಡು ತಿಂಗಳ ಬೆಸ್ಕಾಂ ಬಿಲ್ಲಿನ ಫೋಟೋ ತೆಗೆದುಕೊಳ್ಳುತ್ತಾನೆ. ಆದ್ದರಿಂದ ಅವನ ಮೊದಲ ಸ್ಲೈಡಿನಲ್ಲಿ ಹಿಮಕರಡಿ ಇಲ್ಲ, ನಮ್ಮದೇ ಬಿಲ್ಲು ಇದೆ. ನಮ್ಮ ಆರ್‌ಆರ್ ನಂಬರು, ನಮ್ಮ ಲಿಫ್ಟು, ನೀರಿನ ಪಂಪು, ಎಸ್‌ಟಿಪಿ ಬ್ಲೋವರು, ಕಾರಿಡಾರ್ ದೀಪ ಎಲ್ಲಾ ಸೇರಿ ತಿಂಗಳಿಗೆ ಸುಮಾರು 6,000 ಯೂನಿಟ್. ತನ್ನ ಬಿಲ್ಲು ಟಿವಿಯಲ್ಲಿ ಕಂಡರೆ ಯಾವ ಸೆಕ್ರೆಟರಿಯೂ ಫೋನ್ ಎತ್ತುವುದಿಲ್ಲ.

ಬಿಲ್ಲಿನ ಮೇಲೆ ಅವನು ಎರಡು ಬಣ್ಣ ಬಳಿದಿರುತ್ತಾನೆ. ಯೂನಿಟ್ ಲೆಕ್ಕದ ಭಾಗಕ್ಕೆ ಹಸಿರು, ನಿಗದಿತ ಶುಲ್ಕಕ್ಕೆ ಕೆಂಪು. “ಹಸಿರು ಇಳಿಯುತ್ತೆ ಸಾರ್. ಕೆಂಪು ಮಂಜೂರಾದ ಲೋಡಿನ ಮೇಲೆ ಬರೋದು, ಅದು ಸೋಲಾರ್ ಹಾಕಿದ್ರೂ ಹಾಗೇ ಇರುತ್ತೆ.” ಮಾರಲು ಬಂದವನ ಬಾಯಲ್ಲಿ ‘ಇಳಿಯಲ್ಲ’ ಎಂಬ ಮಾತು ಕೇಳಿ ರಾಯರು ಪೆನ್ನು ಕೆಳಗಿಡುತ್ತಾರೆ. ನನ್ನ ಮಟ್ಟಿಗೆ ಇಡೀ ವ್ಯಾಪಾರ ಕುದುರುವುದು ಈ ಜಾಗದಲ್ಲೇ.

ಎರಡನೇ ಸ್ಲೈಡು ನಮ್ಮ ಟೆರೇಸಿನ ಫೋಟೋ. ಒಟ್ಟು ಜಾಗ 6,000 ಚದರಡಿ. ಎಳೆಯ ಡೆಕ್ಕಪ್ಪ ಅದನ್ನು ಒಂದು ಕಿಲೋವ್ಯಾಟಿಗೆ 100 ಚದರಡಿಯಂತೆ ಭಾಗಿಸಿ 60 ಕಿಲೋವ್ಯಾಟ್ ಎಂದುಬಿಟ್ಟಿದ್ದ. ಮಾಗಿದವನು ಲಿಫ್ಟ್ ರೂಮು, ಓವರ್‌ಹೆಡ್ ಟ್ಯಾಂಕು, ಸಾಲು ಸಾಲು ಸೋಲಾರ್ ವಾಟರ್ ಹೀಟರು, ಬಟ್ಟೆ ಒಣಹಾಕುವ ತಂತಿ ಎಲ್ಲವನ್ನೂ ಗೆರೆ ಹೊಡೆದು ಕಳೆದಿರುತ್ತಾನೆ. ಆಮೇಲೆ ನೆರಳನ್ನೂ ಕಳೆಯುತ್ತಾನೆ. ಡಿಸೆಂಬರ್ ಮೂರನೇ ವಾರದಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿರುವಾಗ, ಬೆಳಿಗ್ಗೆ ಒಂಬತ್ತಕ್ಕೆ ಹತ್ತಡಿ ಎತ್ತರದ ಟ್ಯಾಂಕಿನ ನೆರಳು ಹದಿನೇಳು ಹದಿನೆಂಟು ಅಡಿ ಚಾಚುತ್ತದೆ. ಒಂದೇ ಸರಣಿಯಲ್ಲಿ ಜೋಡಿಸಿದ ಪ್ಯಾನೆಲ್ಲುಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೆ ಏಟು ಅದೊಂದಕ್ಕೇ ನಿಲ್ಲದಿರಬಹುದು, ಸರಣಿಯೇ ಸೊರಗಬಹುದು. ಎಲ್ಲ ಕಳೆದ ಮೇಲೆ ಉಳಿದದ್ದು 3,000 ಚದರಡಿ, ಅಂದರೆ 30 ಕಿಲೋವ್ಯಾಟ್. “ಅರ್ಧಕ್ಕರ್ಧ ಹೋಯ್ತಲ್ರೀ!” ಎಂದರು ಟ್ರೆಷರರ್. “ಜಾಗ ಹೋಗಿದ್ದಲ್ಲ ಮೇಡಂ, ಮೊದಲಿಂದ್ಲೂ ಇರಲಿಲ್ಲ.”

ಮೂರನೆಯದು ಹನ್ನೆರಡು ಕಂಬಗಳ ಚಿತ್ರ, ತಿಂಗಳಿಗೊಂದು. ಮಾರ್ಚ್ ಕಂಬ ಎತ್ತರ, ಜುಲೈ ಆಗಸ್ಟ್ ಮೋಡದ ಕೆಳಗೆ ಕುಳ್ಳು. ವರ್ಷದ ಸರಾಸರಿ ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್. ನಮ್ಮ 30ಕ್ಕೆ ತಿಂಗಳಿಗೆ 3,600. ಅಂದರೆ 6,000ದಲ್ಲಿ ಇನ್ನೂ 2,400 ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ‘ಜೀರೋ ಬಿಲ್’ ಎಂಬ ಪದ ಅವನ ಡೆಕ್‌ನಲ್ಲಿ ಎಲ್ಲೂ ಇಲ್ಲ.

ದುಡ್ಡಿನ ಸ್ಲೈಡು ನಾಲ್ಕನೆಯದು, ಅದಕ್ಕಿಂತ ಮೊದಲಲ್ಲ. ಕಿಲೋವ್ಯಾಟಿಗೆ 55,000ದಂತೆ 16.5 ಲಕ್ಷ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಸೊಸೈಟಿಯ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000ದಂತೆ ಸಬ್ಸಿಡಿ 5.4 ಲಕ್ಷ, ಅದಕ್ಕೆ ಭಾರತದಲ್ಲೇ ತಯಾರಾದ ಸೆಲ್ಲು, ಪ್ಯಾನೆಲ್ಲು ಬೇಕು. ಉಳಿದದ್ದು 11.1 ಲಕ್ಷ. ಎಂಬತ್ತು ಫ್ಲಾಟಿಗೆ ಹಂಚಿದರೆ ತಲಾ ಹದಿನಾಲ್ಕು ಸಾವಿರದ ಒಳಗೆ. ಎಳೆಯ ಡೆಕ್ಕಪ್ಪ ಇಲ್ಲಿಗೆ ನಿಲ್ಲಿಸುತ್ತಾನೆ. ಮಾಗಿದವನು ಕೆಳಗೆ ಇನ್ನೊಂದು ಸಾಲು ಬರೆದಿರುತ್ತಾನೆ: ಸಬ್ಸಿಡಿ ಬರುವುದು ಕೆಲಸ ಮುಗಿದು, ಮೀಟರ್ ಕೂತ ಮೇಲೆ, ಆದ್ದರಿಂದ ಮೊದಲು ಕೈಯಿಂದ ಹೋಗುವುದು ಫ್ಲಾಟಿಗೆ 20,625. ವರ್ಷದ ಉಳಿತಾಯ 2.8 ಲಕ್ಷ, ಅದರಲ್ಲಿ ತೊಳೆಯುವ ಕೂಲಿ, ವಿಮೆ ಎಂದು 25,000 ಕಳೆದರೆ ಹಾಕಿದ ದುಡ್ಡು ಹಿಂದಿರುಗಲು ನಾಲ್ಕೂವರೆ ವರ್ಷಕ್ಕೆ ಸ್ವಲ್ಪ ಕಡಿಮೆ. ದರ ಏರಿಕೆ ಸೊನ್ನೆ ಎಂದೇ ಹಿಡಿದಿದ್ದಾನೆ. “ಏರಿದ್ರೆ ನಿಮ್ಮ ಅದೃಷ್ಟ ಸಾರ್.” ರಾಯರು ಕೆಡವಲು ಏನೂ ಸಿಗದೆ ಚಡಪಡಿಸಿದರು.

ಐದನೇ ಸ್ಲೈಡಿನ ತಲೆಬರಹ ‘ಆಗದೇ ಇರುವುದು’. ಸೇಲ್ಸ್ ಮ್ಯಾನೇಜರಿಗೆ ಅದನ್ನು ಕಂಡರೆ ಆಗುವುದಿಲ್ಲವಂತೆ. ಆದರೆ ಪ್ರತಿ ಸೊಸೈಟಿಯಲ್ಲೂ “ಕರೆಂಟ್ ಹೋದ್ರೆ ಲಿಫ್ಟ್ ಓಡುತ್ತಾ?” ಎಂದು ಕೇಳುವ ಒಬ್ಬರು ಇದ್ದೇ ಇರುತ್ತಾರೆ. ಓಡುವುದಿಲ್ಲ. ಬೆಸ್ಕಾಂ ಲೈನು ಸತ್ತ ಕ್ಷಣ ಇನ್ವರ್ಟರು ತಾನಾಗಿ ಕೈಕಟ್ಟಿ ಕೂರಲೇಬೇಕು, ಇಲ್ಲದಿದ್ದರೆ ಕಂಬದ ಮೇಲಿರುವ ಲೈನ್‌ಮನ್ ಜೀವಕ್ಕೆ ಅಪಾಯ. ಜನರೇಟರ್ ಜೊತೆ ಓಡಿಸಬೇಕೆಂದರೆ ಬೇರೆ ಕಂಟ್ರೋಲರು ಬೇಕು, ಇಲ್ಲದಿದ್ದರೆ ಮಿಕ್ಕ ಕರೆಂಟು ಜನರೇಟರಿಗೇ ತಿರುಗಿ ನುಗ್ಗುತ್ತದೆ. ಇದನ್ನು ಐದನೇ ಸ್ಲೈಡಿನಲ್ಲಿ ಹೇಳಿದರೆ ತಿಳಿವಳಿಕೆ, ಚೆಕ್ ಪಡೆದ ಮೇಲೆ ಹೇಳಿದರೆ ಮೋಸ. ಇಷ್ಟೇ ವ್ಯತ್ಯಾಸ.

ಅಷ್ಟರಲ್ಲಿ ಕೊನೆಯ ಮಹಡಿಯ ಆಂಟಿ ಏಳುತ್ತಾರೆ. ಅವರಿಗೆ ಕರೆಂಟೂ ಬೇಡ, ಸಬ್ಸಿಡಿಯೂ ಬೇಡ. “ನಮ್ಮ ತಾರಸಿಗೆ ತೂತು ಕೊರೀತೀರಾ?” ಅಷ್ಟೇ ಅವರ ಪ್ರಶ್ನೆ. ಡೆಕ್ಕಪ್ಪ ತೂತಿಲ್ಲದೆ ಕಾಂಕ್ರೀಟ್ ದಿಮ್ಮಿಯ ಮೇಲೆ ನಿಲ್ಲಿಸುವ ಸ್ಟ್ರಕ್ಚರಿನ ಫೋಟೋ ತೋರಿಸುತ್ತಾನೆ. ಕೆಲಸಕ್ಕೆ ಮುಂಚೆ ಅವರ ಮನೆಯ ಸೀಲಿಂಗಿನ ಫೋಟೋ ತೆಗೆದು ಇಬ್ಬರೂ ಸಹಿ ಹಾಕುವುದು, ದಿಮ್ಮಿಗಳ ಕೆಳಗೆ ಸೋರಿದರೆ ರಿಪೇರಿ ಯಾರ ಖರ್ಚು ಎಂಬುದು ಕರಾರಿನಲ್ಲಿ ಬರುವುದು, ಎಲ್ಲ ಹೇಳುತ್ತಾನೆ. ಆಂಟಿ ಕೂರುತ್ತಾರೆ, ಆದರೆ ಕೈಚೀಲದಿಂದ ಡೈರಿ ತೆಗೆದು ಬರೆದುಕೊಂಡೇ ಕೂರುತ್ತಾರೆ.

ಇನ್ನು ಪುರಾವೆ. ಎಳೆಯ ಡೆಕ್ಕಪ್ಪ ಮೊಬೈಲಿನಲ್ಲಿ ಇನ್ವರ್ಟರ್ ಆ್ಯಪ್ ತೆರೆದು ‘ಇಲ್ಲಿಯವರೆಗೆ 1 ಲಕ್ಷ ಯೂನಿಟ್’ ಎಂದು ತೋರಿಸಿ ಎದೆಯುಬ್ಬಿಸುತ್ತಾನೆ. ಎಷ್ಟು ಕಿಲೋವ್ಯಾಟ್, ಎಷ್ಟು ವರ್ಷ ಎಂದು ಕೇಳಿದರೆ ಲಕ್ಷದ ಉಬ್ಬರ ಇಳಿಯುತ್ತದೆ. ಮಾಗಿದವನು ಪಕ್ಕದ ರಸ್ತೆಯ ಸೊಸೈಟಿಯ ಎರಡು ಬಿಲ್ಲು ತಂದಿದ್ದ, ಅವರನ್ನು ಕೇಳಿಯೇ. ಒಂದು ಸೋಲಾರ್ ಹಾಕುವ ಹಿಂದಿನ ಜುಲೈಯದು, ಇನ್ನೊಂದು ಹಾಕಿದ ನಂತರದ ಜುಲೈಯದು. ಮಾರ್ಚ್ ಬಿಲ್ಲು ತಂದಿದ್ದರೆ ಇನ್ನೂ ಸೊಗಸಾಗಿ ಕಾಣುತ್ತಿತ್ತು, ಅದಕ್ಕೇ ತರಲಿಲ್ಲ. ನೆಟ್ ಮೀಟರಿನ ಬಿಲ್ಲಿನಲ್ಲಿ ಬೆಸ್ಕಾಂನಿಂದ ಬಂದದ್ದು, ನಾವು ಕೊಟ್ಟದ್ದು ಮಾತ್ರ ಇರುತ್ತದೆ. ಅಲ್ಲೇ ಹುಟ್ಟಿ ಅಲ್ಲೇ ಖರ್ಚಾದ ಯೂನಿಟ್ಟು ಆ ಮೀಟರನ್ನು ದಾಟುವುದೇ ಇಲ್ಲ. ಆದ್ದರಿಂದ ಅದೇ ತಿಂಗಳ ಸೋಲಾರ್ ಮೀಟರಿನ ರೀಡಿಂಗನ್ನೂ ಪಕ್ಕದಲ್ಲಿ ಇಟ್ಟಿದ್ದ. ಅವರದ್ದು 25 ಕಿಲೋವ್ಯಾಟ್, ಆ ಜುಲೈಯಲ್ಲಿ 2,250 ಯೂನಿಟ್. ರಾಯರು ಭಾಗಿಸಿದರು: ಕಿಲೋವ್ಯಾಟಿಗೆ ದಿನಕ್ಕೆ ಮೂರಕ್ಕೆ ಸ್ವಲ್ಪ ಕಡಿಮೆ. ನಮ್ಮ ಚಿತ್ರದ ಜುಲೈ ಕಂಬದ ಎತ್ತರವೂ ಅಷ್ಟೇ.

“ಅಲ್ಲಿನ ಸೆಕ್ರೆಟರಿ ಹತ್ರ ಮಾತಾಡಬಹುದಾ?” ಎಂದರು ಅಧ್ಯಕ್ಷರು. “ಮಾತಾಡಿ ಸಾರ್. ಆದ್ರೆ ಅವರಿಗಿಂತ ಅಲ್ಲಿನ ಪ್ಲಂಬರ್‌ನ ಕೇಳಿ. ಪ್ಯಾನೆಲ್ ತೊಳೆಯೋದು ಅವನೇ.” ಕೇಳಿದೆವು. ಬೋರ್‌ವೆಲ್ ನೀರಿನಲ್ಲಿ ತೊಳೆದು ಗಾಜಿನ ಮೇಲೆಲ್ಲ ಬಿಳಿ ಕಲೆ ಕಟ್ಟಿತ್ತಂತೆ, ಈಗ ಕಾವೇರಿ ನೀರಿನಲ್ಲಿ ಹದಿನೈದು ದಿನಕ್ಕೊಮ್ಮೆ, ಬಿಸಿಲೇರುವ ಮುಂಚೆ. ಡೆಕ್‌ನಲ್ಲಿ ಇಲ್ಲದ ಒಂದೇ ವಿಷಯ ಇದು. ಮುಂದಿನ ಸೊಸೈಟಿಗೆ ಹೋಗುವ ಹೊತ್ತಿಗೆ ಅದೂ ಒಂದು ಸ್ಲೈಡಾಗಿರುತ್ತದೆ.

ಅವನ ಕೊನೆಯ ಸ್ಲೈಡಿನಲ್ಲಿ ಕೈಮುಗಿದ ಚಿತ್ರ ಇರಲಿಲ್ಲ. ಜನರಲ್ ಬಾಡಿಯಲ್ಲಿ ಮಂಡಿಸಬೇಕಾದ ಠರಾವಿನ ಕರಡೇ ಇತ್ತು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಮೊತ್ತದ ಜಾಗ ತುಂಬಿ, ತಾರೀಕಿನ ಜಾಗ ಖಾಲಿ ಬಿಟ್ಟು. ತಾವೇ ಬರೆಯಬೇಕಾಗಿದ್ದರೆ ನಮ್ಮ ಕಮಿಟಿಯವರು ಅದಕ್ಕೆ ಆರು ತಿಂಗಳು ತೆಗೆದುಕೊಳ್ಳುತ್ತಿದ್ದರು ಎಂಬುದು ಅವನಿಗೆ ಗೊತ್ತು.

ಜನರಲ್ ಬಾಡಿಯಲ್ಲಿ ಠರಾವು ಪಾಸಾಯಿತು. ಕೈ ಎತ್ತದವರ ಸಾಲಿನಲ್ಲಿ ಮೊದಲಿಗರು ನೆಲಮಹಡಿಯ ಯಜಮಾನರು. “ನಾನು ಲಿಫ್ಟ್ ಹತ್ತೋದೇ ಇಲ್ಲ, ನಾನ್ಯಾಕೆ ಕೊಡ್ಲಿ?” ಎಂದು ಮೈಕಿನಲ್ಲೇ ಗುಡುಗಿದವರು. ಸಭೆ ಮುಗಿದು ಎಲ್ಲರೂ ಕಾಫಿಗೆ ಹೋದಾಗ ಅವರು ಡೆಕ್ಕಪ್ಪನನ್ನು ಮೂಲೆಗೆ ಕರೆದರು. “ಅಲ್ಲಯ್ಯಾ, ನನ್ನ ಫ್ಲಾಟಿಗೆ ಅಂತಲೇ ಒಂದೆರಡು ಕಿಲೋವ್ಯಾಟ್ ಹಾಕೋಕೆ ಮೇಲೆ ಜಾಗ ಉಳಿದಿದೆಯಾ?”

ಡೆಕ್ಕಪ್ಪ ಬ್ಯಾಗಿನ ಜಿಪ್ಪು ಎಳೆದ. “ಅದಕ್ಕೆ ಬೇರೆ ಡೆಕ್ ಇದೆ ಸಾರ್. ನಿಮ್ಮ ಮನೆ ಬಿಲ್ಲು ಹನ್ನೆರಡು ತಿಂಗಳದ್ದು ಸಿಗುತ್ತಾ?”